ಧರ್ಮಸ್ಥಳ ನಡಿಗೆ, ಆಮೇಲೆ ಕೇದಾರ: ಇನ್ಸುಲಿನ್ ತಗೊಳ್ಳೋರು ಅನುಭವ ಹೇಳಿ

ಕೇಳಿದವರು: ಅಪ್ಪನಿಗೆ 61. 30/70 ಇನ್ಸುಲಿನ್ ಬೆಳಿಗ್ಗೆ 20, ರಾತ್ರಿ 14 ಯೂನಿಟ್, ಜೊತೆಗೆ ವೋಗ್ಲಿಬೋಸ್ ಮಾತ್ರೆ. ಶಿವರಾತ್ರಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳ, ಮೇ ತಿಂಗಳಲ್ಲಿ ಕೇದಾರನಾಥ. ಏನೇನು ಕಟ್ಟಿಕೊಂಡು ಹೋಗಬೇಕು?

ಹಾಸನದ ಪಾದಯಾತ್ರಿ: ಜೇಬಲ್ಲಿ ಬೆಲ್ಲದ ಅಚ್ಚು ಇದ್ದರೆ ಆಯ್ತು. ದಾರಿಯುದ್ದಕ್ಕೂ ಭಕ್ತರು ಪಾನಕ, ಮಜ್ಜಿಗೆ, ಕೋಸಂಬರಿ ಕೊಡ್ತಾರೆ, ಯಾರೂ ಹಸಿದು ಬೀಳಲ್ಲ. ನಮ್ಮ ತಂಡದಲ್ಲಿ ಇನ್ಸುಲಿನ್ ಬಾಟಲಿಯನ್ನು ಐಸ್ ತುಂಬಿದ ಡಬ್ಬದಲ್ಲೇ ಇಡೋದು. ಅಂಗಡಿಯವರು ಹೇಳೋ ಪುಡಿ, ಗುಳಿಗೆಗೆಲ್ಲ ದುಡ್ಡು ಸುರೀಬೇಡಿ.

ಔಷಧಿ ಅಂಗಡಿ: ಬೆಲ್ಲದ ಮಾತು ಇವರಿಗೆ ಸಲ್ಲದು. ಸಕ್ಕರೆ, ಬೆಲ್ಲ ಕರುಳಲ್ಲಿ ಒಡೆದ ಮೇಲೇ ರಕ್ತಕ್ಕೆ ಸೇರೋದು. ವೋಗ್ಲಿಬೋಸ್ ತಡೆಯೋದು ಆ ಒಡೆಯುವ ಕೆಲಸವನ್ನೇ. ಕೈ ನಡುಗಿ ಬೆವರುವಾಗ ಬೆಲ್ಲ ತಿಂದರೆ ಏರೋದು ನಿಧಾನ. ರುಚಿ, ಬಣ್ಣ ಸೇರಿಸದ ಶುದ್ಧ ಗ್ಲೂಕೋಸ್ ಪುಡಿಯೇ ಬೇಕು. 15 ಗ್ರಾಂ ತೂಕ ಮಾಡಿ ಪೊಟ್ಟಣ ಕಟ್ಟಿ, ಅರ್ಧ ಇವರ ಜೇಬಲ್ಲಿ, ಅರ್ಧ ಜೊತೆಗಾರರ ಚೀಲದಲ್ಲಿ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಒಂದು ಪೊಟ್ಟಣ, 15 ನಿಮಿಷ ಕೂತು ಮತ್ತೆ ನೋಡಿ. ಏರಿಲ್ಲದಿದ್ದರೆ ಇನ್ನೊಂದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ.

ಐಸ್ ಡಬ್ಬವಂತೂ ಬೇಡವೇ ಬೇಡ. ಐಸಿಗೆ ತಾಗಿ ಇನ್ಸುಲಿನ್ ಹೆಪ್ಪುಗಟ್ಟಿದರೆ, ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. 30/70 ಬಾಟಲಿಯನ್ನು ಅಂಗೈಲಿ ಉರುಳಿಸಿದಾಗ ಹಾಲಿನಂತೆ ಒಂದೇ ಸಮ ಆಗಬೇಕು. ಚೂರುಚೂರಾಗಿ ತೇಲಿದರೆ, ಗಾಜಿನ ಒಳಗೋಡೆಗೆ ಬಿಳಿ ಪುಡಿ ಅಂಟಿದರೆ ಎಸೆಯಿರಿ.

ಹಾಸನದ ಪಾದಯಾತ್ರಿ: ವ್ಯಾಪಾರದವರು ಪುಡಿ ಹೊಗಳದೆ ಇನ್ನೇನು ಮಾಡ್ತಾರೆ! ನಮ್ಮ ತಂಡದಲ್ಲಿ ಬೆಲ್ಲ ತಿಂದವರೆಲ್ಲ ಎದ್ದು ನಡೆದಿದ್ದಾರೆ.

ಔಷಧಿ ಅಂಗಡಿ: ಅವರು ವೋಗ್ಲಿಬೋಸ್ ತಗೋತಿರಲಿಲ್ಲ ಅಷ್ಟೇ ಸ್ವಾಮಿ. ಪುಡಿ ನಮ್ಮಲ್ಲೇ ಕೊಳ್ಳಿ ಅಂತ ಎಲ್ಲಿ ಹೇಳಿದೆ?

ಮಂಡ್ಯದ ಅಕ್ಕ: ಪಾದದ ಬಗ್ಗೆ ಯಾರೂ ಹೇಳ್ತಿಲ್ಲವಲ್ಲ? ಹರಕೆ ಅಂತ ನಮ್ಮ ಯಜಮಾನರು ಬರಿಗಾಲಲ್ಲಿ ಟಾರು ರಸ್ತೆ ತುಳಿದರು. ಕಾಲು ಜೋಮು ಇದ್ದದ್ದರಿಂದ ಬೊಬ್ಬೆ ಎದ್ದದ್ದೇ ಗೊತ್ತಾಗಲಿಲ್ಲ. ಡ್ರೆಸ್ಸಿಂಗಿಗೆ ಸುರಿದ ದುಡ್ಡಲ್ಲಿ ಇನ್ನೊಂದು ಯಾತ್ರೆ ಮಾಡಬಹುದಿತ್ತು.

ಹಾಸನದ ಪಾದಯಾತ್ರಿ: ಹರಕೆಯನ್ನು ಹೀಗೆ ಹಂಗಿಸಬೇಡಿ ತಾಯಿ.

ಮಂಡ್ಯದ ಅಕ್ಕ: ಹಂಗಿಸಿದ್ದಲ್ಲ ಅಣ್ಣ, ಬಿಲ್ ಕಟ್ಟಿದವಳು ನಾನು.

ಚಾರಣದ ಮೇಷ್ಟ್ರು: ಅಪ್ಪನ ರಾತ್ರಿ ಡೋಸಿನ ವಿಷಯ ಮರೀಬೇಡಿ. ಹಗಲು ನಡೆದು ಬರಿದಾದ ಸ್ನಾಯು ರಾತ್ರಿಯಿಡೀ ರಕ್ತದಿಂದ ಸಕ್ಕರೆ ಎಳೀತಿರುತ್ತೆ. 30/70ರಲ್ಲಿನ ನಿಧಾನದ ಭಾಗ ಜೋರಾಗೋದೂ ಸರಿರಾತ್ರಿಗೇ. ಸುಮಾರು ಐದನೇ ಒಂದು ಭಾಗ ಕಡಿಮೆ, ಅಂದರೆ 14ರ ಬದಲು 11, ಇಷ್ಟರಿಂದ ಶುರು ಮಾಡಬಹುದೇ ಅಂತ ವೈದ್ಯರನ್ನು ಕೇಳಿ. ಊರಲ್ಲೇ ಉದ್ದ ನಡಿಗೆ ಮಾಡಿಸಿ, ಆ ರಾತ್ರಿ 3 ಗಂಟೆಗೆ ಎಬ್ಬಿಸಿ ಬೆರಳು ಚುಚ್ಚಿ ನೋಡಿ. ಬೆಳಗಿನ ಸೂಜಿ ಹೊಟ್ಟೆಗೆ ಇರಲಿ, ನಡೆಯುವ ತೊಡೆಗೆ ಚುಚ್ಚಿದರೆ ಬೇಗ ಹೀರುತ್ತೆ.

ಪಾನಕ ಕುಡಿದ ಅಂಟು ಬೆರಳನ್ನೇ ಚುಚ್ಚಿದರೆ ಮೀಟರ್ 60 ಇದ್ದದ್ದನ್ನೂ 200 ದಾಟಿಸಿ ತೋರಿಸಬಹುದು. ಕೈ ತೊಳೆದು, ಒರೆಸಿ, ಆಮೇಲೆ ಚುಚ್ಚಿ.

ಕೇದಾರ 3,583 ಮೀಟರ್ ಎತ್ತರ, ಮೇನಲ್ಲೂ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತೆ. ಇನ್ಸುಲಿನ್, ಮೀಟರ್, ಸ್ಟ್ರಿಪ್ ಮೂರನ್ನೂ ಕುದುರೆ ಹೊರೆಗೆ ಹಾಕದೆ ಒಳಂಗಿ ಜೇಬಲ್ಲಿಡಿ. ಮಲಗುವಾಗ ರಜಾಯಿಯೊಳಗೆ. ಬಹಳಷ್ಟು ಮೀಟರ್ 10 ಡಿಗ್ರಿಗಿಂತ ಕೆಳಗೆ ಎರರ್ ಕೊಡುತ್ತೆ, ಮೈಗೆ ಒತ್ತಿಟ್ಟು ಬೆಚ್ಚಗಾದ ಮೇಲೆ ನೋಡಿ.

ಸೆನ್ಸರ್ ಹಾಕಿದವನು: ಈಗಿನ ಕಾಲದಲ್ಲೂ ಸ್ಟ್ರಿಪ್ಪಾ? ತೋಳಿಗೆ ಸೆನ್ಸರ್ ಅಂಟಿಸಿ, ಮೊಬೈಲೇ ಕೂಗುತ್ತೆ.

ಚಾರಣದ ಮೇಷ್ಟ್ರು: ಅದರ ಜೊತೆ ಬರುವ ಚೀಟಿ ಓದಿ, ಕೆಲವಕ್ಕೆ 3,000 ಮೀಟರ್ ಆಸುಪಾಸೇ ಮಿತಿ. ಚಳಿಗೆ ಮೊಬೈಲ್ ಬ್ಯಾಟರಿ ಸತ್ತರೆ ಕೂಗೋರು ಯಾರು?

ಸೆನ್ಸರ್ ಹಾಕಿದವನು: ಪವರ್ ಬ್ಯಾಂಕ್ ಅನ್ನೋದು ಒಂದಿದೆ, ಮೇಷ್ಟ್ರೇ.

ಔಷಧಿ ಅಂಗಡಿ: ಅದಿರಲಿ, ಸಿರಿಂಜ್ ವಿಷಯ. ಅಪ್ಪನದು ಬಾಟಲಿ ಆದರೆ ಸಾಮಾನ್ಯವಾಗಿ ಮಿ.ಲೀ.ಗೆ 40 ಯೂನಿಟ್, ಕೆಂಪು ಮುಚ್ಚಳದ ಸಿರಿಂಜ್. ಬಾಟಲಿ ಒಡೆದು, ಸಿಕ್ಕ ಊರಲ್ಲಿ 100 ಯೂನಿಟ್ಟಿನದು ಕೊಂಡು ಅದೇ ಕೆಂಪು ಸಿರಿಂಜಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗೋದು 50 ಯೂನಿಟ್. 100ರದಕ್ಕೆ ಕಿತ್ತಳೆ ಮುಚ್ಚಳದ್ದೇ ಬೇಕು. ಇಲ್ಲಿಂದಲೇ ಎರಡು ಬಾಟಲಿ, ಬೇರೆ ಬೇರೆ ಚೀಲದಲ್ಲಿ.

ಹಾಸನದ ಪಾದಯಾತ್ರಿ: ನೋಡಿ, ಮತ್ತೆ ಎರಡು ಬಾಟಲಿ ಮಾರಿಬಿಟ್ರು!

ಕೇಳಿದವರು: ಅಪ್ಪನದು ಬಾಟಲಿಯೇ, 40 ಅಂತಲೇ ಬರೆದಿದೆ. ಆದರೆ ಶಿವರಾತ್ರಿ ದಿನ ಉಪವಾಸ ಅಂತ ಹಟ ಹಿಡಿದಿದ್ದಾರೆ, ಅವತ್ತು ಎಷ್ಟು ಯೂನಿಟ್?

ಚಾರಣದ ಮೇಷ್ಟ್ರು: ಉಪವಾಸ ಮತ್ತು ಘಾಟಿ ನಡಿಗೆ ಒಂದೇ ದಿನಕ್ಕೆ ಬೇಡ. ಯೂನಿಟ್ ಲೆಕ್ಕ ಇಲ್ಲಿ ಯಾರು ಹೇಳಿದರೂ ಕೇಳಬೇಡಿ, ವೈದ್ಯರಿಂದ ಬರೆಸಿಕೊಳ್ಳಿ.