ಫ್ಯಾಕ್ಟರಿ ಚಾವಣಿಯ ಬೆಳಕಿನ ಶೀಟು ಹಳದಿಯಾಗಿದೆ, ಪಾಲಿಕಾರ್ಬೊನೇಟ್ ಹಾಕಿಸಲಾ?

ಕೇಳಿದವರು: ಭೋಸರಿ, ಪುಣೆ
ನಮ್ಮದು ಎಂಐಡಿಸಿಯಲ್ಲಿ ಲೇತ್, ಮಿಲ್ಲಿಂಗ್ ಕೆಲಸದ ಶೆಡ್ಡು. 100 ಅಡಿಗೆ 65 ಅಡಿ, ತಗಡಿನ ಚಾವಣಿ. ನಡುನಡುವೆ ಹಾಕಿದ ಫೈಬರ್ ಶೀಟು ಹತ್ತು ವರ್ಷದಲ್ಲಿ ಹಳದಿಯಾಗಿ, ಈಗ ಮಧ್ಯಾಹ್ನವೂ ಲೈಟ್ ಹಾಕಬೇಕು. ಪಾಲಿಕಾರ್ಬೊನೇಟ್ ಹಾಕಿಸಿ ಅಂತಾರೆ. ಬೇಸಿಗೆಯ ಸೆಕೆ ಇನ್ನೂ ಜಾಸ್ತಿ ಆಗುತ್ತಾ? ಅನುಭವ ಇದ್ದವರು ಹೇಳಿ.

ಪಿಂಪ್ರಿ, ಮೇಂಟೆನೆನ್ಸ್ ನೋಡಿಕೊಳ್ಳುವವರು
ಸರ್, ಕಣ್ಣು ಮುಚ್ಚಿ ಪಾಲಿಕಾರ್ಬೊನೇಟ್ ಹಾಕಿಸಿ, ಅದು ಹಳದಿ ಆಗಲ್ಲ. ಸೆಕೆ ಬೇಡ ಅಂದ್ರೆ ಉತ್ತರದ ಇಳಿಜಾರಿಗೆ ಮಾತ್ರ ಹಾಕಿಸಿ, ಆ ಕಡೆ ಬಿಸಿಲೇ ಬೀಳಲ್ಲ.

ಚಾಕಣ, ಶೆಡ್ ಚಾವಣಿ ಕೆಲಸದವರು
ಪಿಂಪ್ರಿಯವರ ಎರಡೂ ಮಾತಿನಲ್ಲಿ ಅರ್ಧ ನಿಜ ಇದೆ. ಪಾಲಿಕಾರ್ಬೊನೇಟ್ ಕೂಡ ಬಿಸಿಲಿಗೆ ಹಳದಿ ಆಗುತ್ತೆ. ಅದನ್ನು ತಡೆಯೋದು ಮೇಲ್ಮೈಯಲ್ಲಿ ಇರುವ ತೆಳ್ಳನೆಯ ಯುವಿ ಪದರ, ಅದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ದಪ್ಪ ಅಷ್ಟೆ. ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತೆ. ಆ ಬದಿ ಮೇಲಕ್ಕೆ ಬರಬೇಕು.

ಉತ್ತರದ ಇಳಿಜಾರು ಚಳಿಗಾಲದಲ್ಲಿ ಒಳ್ಳೇದೇ. ಆದರೆ ಪುಣೆಯಲ್ಲಿ ಮೇ ಮಧ್ಯದಲ್ಲಿ ಸೂರ್ಯ ನೆತ್ತಿಯ ಮೇಲೇ ಇರ್ತಾನೆ. ಅಲ್ಲಿಂದ ಜುಲೈ ಕೊನೆವರೆಗೂ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ವಾಲಿರ್ತಾನೆ. ನಮ್ಮ ಶೆಡ್‌ಗಳ ಇಳಿಜಾರೂ ಕಮ್ಮಿ. ಹಾಗಾಗಿ ನೀವು ಹೆದರುತ್ತಿರುವ ಆ ತಿಂಗಳಲ್ಲಿ ದಕ್ಷಿಣ, ಉತ್ತರ ಅಂತ ಹೆಚ್ಚು ವ್ಯತ್ಯಾಸ ಸಿಗಲ್ಲ.

ಬದಲಿಸುವ ಮೊದಲು ಹಳೇ ಶೀಟು ಯಾಕೆ ಮಂಕಾಗಿದೆ ನೋಡಿ. ಫೈಬರ್ ಶೀಟು ಅಂದ್ರೆ ರಾಳದಲ್ಲಿ ಕೂತ ಗಾಜಿನ ಎಳೆ. ಬಿಸಿಲಿಗೆ ಮೇಲಿನ ರಾಳ ಸವೆದು ಎಳೆಗಳು ಹೊರಗೆ ಬರುತ್ತವೆ. ಕೈಯಾಡಿಸಿದರೆ ಚುಚ್ಚುತ್ತೆ, ಗ್ಲೌಸ್ ಹಾಕಿ. ಆ ಎಳೆಗಳ ನಡುವೆ ಧೂಳು, ಮಳೆಗಾಲದ ಕಪ್ಪು ಪಾಚಿ ಕೂರುತ್ತೆ. ಅಂಗೈ ಅಗಲದ ಜಾಗ ಬ್ರಷ್‌ನಲ್ಲಿ ತೊಳೆದು, ಒದ್ದೆ ಇರುವಾಗಲೇ ಒಳಗಿಂದ ಯಾರಿಗಾದರೂ ನೋಡಲು ಹೇಳಿ. ಒದ್ದೆಯಲ್ಲಿ ತಿಳಿಯಾಗಿ, ಒಣಗಿದ ಮೇಲೆ ಮತ್ತೆ ಬೆಳ್ಳಗೆ ಮಂಕಾದರೆ ಹಾಳಾಗಿರೋದು ಮೇಲ್ಮೈ ಮಾತ್ರ. ಚೆನ್ನಾಗಿ ತೊಳೆದು ಪಾರದರ್ಶಕ ಅಕ್ರಿಲಿಕ್ ಕೋಟಿಂಗ್ ಕೊಟ್ಟರೆ ಕೆಲವು ವರ್ಷ ನಡೆಯುತ್ತೆ. ಒದ್ದೆಯಲ್ಲೂ ಚಹಾದ ಬಣ್ಣವೇ ಕಂಡರೆ ರಾಳವೇ ಕೆಟ್ಟಿದೆ, ಕೋಟಿಂಗಿಗೆ ದುಡ್ಡು ಹಾಕಬೇಡಿ. ಇನ್ನೊಂದು ಗುರುತು: ಪಕ್ಕದ ತಗಡಿನ ಕೆಳಗೆ ಸೇರಿಕೊಂಡ ಅಂಚು ಬಿಸಿಲು ಕಂಡಿರಲ್ಲ. ಅದರ ಬಣ್ಣ ಪಕ್ಕದಲ್ಲಿಟ್ಟು ನೋಡಿದರೆ ಎಷ್ಟು ಹಳದಿಯಾಗಿದೆ ಅನ್ನೋದು ಗೊತ್ತಾಗುತ್ತೆ.

ನೋಡೋಕೆ ಹತ್ತಿದವರು ಆ ಶೀಟಿನ ಮೇಲೆ ಕಾಲಿಡಲೇಬಾರದು. ಹಳೇ ಫೈಬರ್ ಭಾರ ತಡೆಯಲ್ಲ, ಧೂಳು ಕೂತ ಮೇಲೆ ತಗಡು ಯಾವುದು ಶೀಟು ಯಾವುದು ಅಂತ ಮೇಲಿಂದ ಗೊತ್ತೇ ಆಗಲ್ಲ. ಪರ್ಲಿನ್‌ಗಳ ಮೇಲೆ ಭಾರ ಬೀಳುವ ಹಾಗೆ ಹಲಗೆ ಹಾಕಿ, ಬೆಲ್ಟ್ ಕಟ್ಟಿಯೇ ಹೋಗಲಿ.

ಠಾಣೆ
ನಮ್ಮ ಸೊಸೈಟಿಯ ಟೆರೇಸ್‌ಗೂ ಇದೇ ಶೀಟು ಹಾಕಿಸಬೇಕು ಅಂತ ಇದ್ದೀವಿ. ಬಟ್ಟೆ ಒಣಗಿಸೋಕೆ ನೀಲಿ ಬಣ್ಣದ್ದು ಚೆನ್ನಾಗಿರುತ್ತಾ?

ವೆರ್ಣಾ, ಗೋವಾ, ಪ್ಯಾಕಿಂಗ್ ಯೂನಿಟ್ ನಡೆಸುವವರು
ಠಾಣೆಯವರೇ, ಇಲ್ಲಿ ಕೇಳಿರೋದು ಫ್ಯಾಕ್ಟರಿ ಚಾವಣಿ ಬಗ್ಗೆ. ನಿಮ್ಮದನ್ನು ಬೇರೆಯಾಗಿ ಕೇಳಿ.

ಚಾಕಣದವರು ಹೇಳಿದ ಯುವಿ ಪದರದ ಮಾತು ನೂರಕ್ಕೆ ನೂರು ನಿಜ. ನಮ್ಮಲ್ಲಿ ಹೊಸ ಪಾಲಿಕಾರ್ಬೊನೇಟ್ ಶೀಟುಗಳಲ್ಲಿ ಕೆಲವು ಎರಡೇ ಬೇಸಿಗೆಗೆ ಹಳದಿಯಾದವು, ಪಕ್ಕದವು ಹಾಗೇ ಇದ್ದವು. ಬಿಚ್ಚಿಸಿದಾಗ ಹಳದಿಯಾದವೆಲ್ಲ ತಿರುವುಮುರುವು ಕೂತಿದ್ದವು. ಯಾವ ಬದಿ ಮೇಲೆ ಅಂತ ಬರೆದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಫಿಟ್ಟರ್‌ಗಳು ಕೆಳಗೇ ಕಿತ್ತುಹಾಕಿ, ಆಮೇಲೆ ಶೀಟು ಮೇಲಕ್ಕೆ ಸಾಗಿಸಿದ್ದರು. ಈಗ ನಾವು ಆ ಹಾಳೆ ಇರುವಾಗಲೇ ಮೇಲಿನ ಬದಿಯ ಮೂಲೆಗೆ ಮಾರ್ಕ್ ಮಾಡಿಸಿ ಮೇಲೆ ಕಳಿಸ್ತೀವಿ. ಸ್ಕ್ರೂ ಹಾಕಿದ ಮೇಲೆ ಉಳಿದ ಹಾಳೆಯನ್ನು ಅವತ್ತೇ ತೆಗೆಸ್ತೀವಿ, ಬಿಸಿಲಿಗೆ ಬಿಟ್ಟರೆ ಅಂಟಿಕೊಂಡು ಬರೋದೇ ಇಲ್ಲ.

ವಸೈ, ಪ್ಲೇಟಿಂಗ್ ಶಾಪ್
ನಮಗಂತೂ ಪಾಲಿಕಾರ್ಬೊನೇಟ್ ಆಗಿಬರಲಿಲ್ಲ. ಕ್ಷಾರದ ತೊಟ್ಟಿಯ ಆವಿ ಏಳುವ ಜಾಗದ ಮೇಲೆ ಕೂದಲೆಳೆಯಂಥ ಬಿರುಕು ಬಂದವು, ಹಳದಿ ಆಗೋಕೆ ಮೊದಲೇ. ವಾಪಸ್ ಫೈಬರ್‌ಗೇ ಹೋದೆವು. ನಿಮ್ಮಲ್ಲಿ ಪೇಂಟ್ ಬೂತ್, ಥಿನ್ನರ್ ತೊಳೆಯೋ ಜಾಗ ಇದ್ದರೆ ಯೋಚನೆ ಮಾಡಿ.

ಕೇಳಿದವರು
ಥಿನ್ನರ್ ಇಲ್ಲ, ಕೂಲಂಟ್ ಎಣ್ಣೆ ಅಷ್ಟೆ. ಚಾಕಣದ ಅಣ್ಣ, ಸೆಕೆ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀರಾ? ನಮ್ಮ ಹುಡುಗರು ಅದಕ್ಕೇ ಬೇಡ ಅಂತಿದ್ದಾರೆ.

ಚಾಕಣ, ಶೆಡ್ ಚಾವಣಿ ಕೆಲಸದವರು
ನಿಮ್ಮ ಚಾವಣಿ ಸುಮಾರು 600 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಬೇಸಿಗೆಯ ಮಧ್ಯಾಹ್ನ ಒಂದೊಂದು ಚದರ ಮೀಟರ್ ಮೇಲೆ ಸುಮಾರು 900 ವಾಟ್ ಬಿಸಿಲು ಬೀಳುತ್ತೆ. ನೂರಕ್ಕೆ ಐದರಷ್ಟು, ಅಂದ್ರೆ 30 ಚದರ ಮೀಟರ್ ಕ್ಲಿಯರ್ ಶೀಟು ಹಾಕಿದರೆ ಹೆಚ್ಚುಕಮ್ಮಿ 21 ಕಿಲೋವಾಟ್ ಶಾಖ ಒಳಗೆ ಬರುತ್ತೆ. ಹಾಲುಬಣ್ಣದ ಓಪಲ್ ಶೀಟಾದರೆ 13 ಆಸುಪಾಸು.

ಈಗ ಉಳಿದ 570 ಚದರ ಮೀಟರ್ ತಗಡು ನೋಡಿ. ಕೆಳಗೆ ಇನ್ಸುಲೇಷನ್ ಇಲ್ಲದ ಹಳೇ ತಗಡು ಕಾದು ಪ್ರತಿ ಚದರ ಮೀಟರಿಗೆ 100ರಿಂದ 150 ವಾಟ್ ಒಳಗೆ ಬಿಡುತ್ತೆ. ಒಟ್ಟು 57ರಿಂದ 85 ಕಿಲೋವಾಟ್. ನಿಮ್ಮ ಸೆಕೆಯ ದೊಡ್ಡ ಪಾಲು ತಗಡಿನದು. ಹುಡುಗರಿಗೆ ಶೀಟಿನದೇ ಅನ್ನಿಸೋದು ಯಾಕಂದ್ರೆ ಕ್ಲಿಯರ್ ಶೀಟಿನ ಬಿಸಿಲು ನೇರ ತಲೆ ಮೇಲೆ ಬೀಳುತ್ತೆ, ಜಾಬ್ ಮೇಲೆ ಮಿಂಚಿ ಕಣ್ಣಿಗೆ ಹೊಡೆಯುತ್ತೆ. ಓಪಲ್‌ನಲ್ಲಿ ಬೆಳಕು ಹರಡಿ ಬರುತ್ತೆ. ಅರ್ಧ ಬೆಳಕು ಬಿಡುವ ಓಪಲ್ ಐದು ಪರ್ಸೆಂಟ್ ಜಾಗಕ್ಕೆ ಹಾಕಿದರೂ, ಧೂಳು, ಗೋಡೆಗೆ ಹೋಗೋದು ಕಳೆದು ಮಧ್ಯಾಹ್ನ 1000 ಲಕ್ಸ್ ಹತ್ತಿರ ಸಿಗುತ್ತೆ. ಲೇತ್ ಕೆಲಸಕ್ಕೆ ಧಾರಾಳ. ಹತ್ತು ಪರ್ಸೆಂಟ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಉಳಿದ ದುಡ್ಡಲ್ಲಿ ತಗಡಿಗೆ ಬಿಳಿ ಕೂಲ್ ಕೋಟಿಂಗ್ ಹೊಡೆಸಿ.

ಫಿಟ್ಟಿಂಗ್‌ನಲ್ಲಿ ಒಂದೇ ಒಂದು ಹಟ ಹಿಡಿಯಿರಿ. ರಾತ್ರಿಗೂ ಮಧ್ಯಾಹ್ನಕ್ಕೂ ಚಾವಣಿಯ ಬಿಸಿಯಲ್ಲಿ 40 ಡಿಗ್ರಿ ವ್ಯತ್ಯಾಸ ಇದ್ದರೆ 3 ಮೀಟರ್ ಪಾಲಿಕಾರ್ಬೊನೇಟ್ ಶೀಟು ಸುಮಾರು 8 ಮಿಲಿಮೀಟರ್ ಹಿಗ್ಗುತ್ತೆ, ಪಕ್ಕದ ತಗಡು ಒಂದೂವರೆ ಅಷ್ಟೆ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂವನ್ನು ನೇರ ಹೊಡೆದು ಬಿಗಿದರೆ ತೂತಿನಿಂದ ಬಿರುಕು ಶುರುವಾಗಿ ಮಳೆಗಾಲದಲ್ಲಿ ಸೋರುತ್ತೆ. ಮೊದಲು ಸ್ಕ್ರೂಗಿಂತ ದೊಡ್ಡ ತೂತು ಕೊರೆದು, ಅಗಲ ಇಪಿಡಿಎಂ ವಾಷರ್ ಹಾಕಿ, ವಾಷರ್ ಕೂತರೆ ಸಾಕು ಅಂತ ನಿಲ್ಲಿಸಬೇಕು. ಫೈಬರ್ ಇಷ್ಟು ಹಿಗ್ಗಲ್ಲ, ಅದಕ್ಕೇ ಒರಟು ಕೈಯಲ್ಲೂ ಬದುಕುತ್ತೆ.

ಪಿಂಪ್ರಿ, ಮೇಂಟೆನೆನ್ಸ್ ನೋಡಿಕೊಳ್ಳುವವರು
ಹಾಗಾದ್ರೆ ಬಿಸಿಲು ತಡೆಯೋ ಒಳ್ಳೇ ಯುವಿ ಫಿಲ್ಮ್ ಮೇಲ್ಮೈಗೆ ಇರೋ ಹೊಸ ಫೈಬರೇ ಸಾಕಲ್ವಾ ಸರ್? ಬೆಲೆಯೂ ಕಮ್ಮಿ.

ಚಾಕಣ, ಶೆಡ್ ಚಾವಣಿ ಕೆಲಸದವರು
ಅದೂ ಒಂದು ದಾರಿ. ಫಿಟ್ಟರ್ ಮೇಲೆ ನಂಬಿಕೆ ಇಲ್ಲದಿದ್ದರೆ ನಾನೂ ಫೈಬರನ್ನೇ ಹೇಳ್ತೀನಿ.

ವೆರ್ಣಾ, ಗೋವಾ
ನಾನು ಒಪ್ಪಲ್ಲ. ಗೋವಾದ ಮಳೆಯಲ್ಲಿ ಫೈಬರಿನ ಪಾಚಿ ತೊಳೆದು ತೊಳೆದು ಸಾಕಾಗಿತ್ತು. ಸರಿಯಾದ ಬದಿ ಹಾಕಿದ ನಮ್ಮ ಪಾಲಿಕಾರ್ಬೊನೇಟ್ ಈಗಲೂ ತಿಳಿಯಾಗಿದೆ.

ಕೇಳಿದವರು
ಇವತ್ತು ನೀರು ಹಾಕಿ ನೋಡಿಸಿದೆ. ದಕ್ಷಿಣದ ಸಾಲು ಒದ್ದೆಯಲ್ಲೂ ಚಹಾ ಬಣ್ಣ, ಅದನ್ನು ತೆಗೆಸಿ ಓಪಲ್ ಹಾಕಿಸ್ತೀನಿ. ಉತ್ತರದ ಸಾಲು ತಿಳಿಯಾಯ್ತು, ಅದಕ್ಕೆ ಸದ್ಯಕ್ಕೆ ಕೋಟಿಂಗ್. ಕೋಟಿಂಗ್ ಮಾಡಿಸಿ ಎರಡು ಮಳೆಗಾಲ ಕಳೆದವರು ಯಾರಾದರೂ ಇದ್ದರೆ ಹೇಗೆ ಉಳಿದಿದೆ ಅಂತ ಬರೆಯಿರಿ.