ಖಾತ್ರಿ ಲಾಭ ಇದ್ರೂ ಷೇರುದಾರರು ದುಡ್ಡು ಹಾಕೂದಿಲ್ಲ ಯಾಕ?

ಪ್ರಶ್ನೆ (ಎಂ.ಕಾಂ ವಿದ್ಯಾರ್ಥಿನಿ, ಧಾರವಾಡ): ಸಾಲ ಭಾಳ ಆದ ಕಂಪನಿಯ ಷೇರುದಾರರು ಖಾತ್ರಿ ಲಾಭದ ಕೆಲಸಾನೂ ಬಿಟ್ಟಬಿಡ್ತಾರ ಅಂತ ಕ್ಲಾಸಿನಾಗ ಹೇಳಿದ್ರು. ಯಾಕ್ರಿ? ರಿಸ್ಕಿನ ವ್ಯವಹಾರಕ್ಕ ಜಿಗಿಯೋದೂ ಇದೂ ಒಂದೇನ್ರಿ? ಯಾರಾದ್ರೂ ಲೆಕ್ಕ ಹಾಕಿ ತೋರಸ್ರಿ.

ಬ್ಯಾಂಕ್ ನಿವೃತ್ತರು, ಹುಬ್ಬಳ್ಳಿ: ಎರಡಕ್ಕೂ ಔಷಧ ಒಂದ. ಸಾಲಪತ್ರ ಅಂದ್ರ ಡಿಬೆಂಚರ್ ತಗೊಂಡು ಕಂಪನಿಗೆ ಸಾಲ ಕೊಟ್ಟವರ ಪರ ನಿಂತ ಟ್ರಸ್ಟಿ ಒಪ್ಪಿಗಿ ಇಲ್ದ ಆಸ್ತಿ ಮಾರಬಾರದು, ಹೊಸ ಸಾಲ ತರಬಾರದು ಅಂತ ಕರಾರಿನಾಗ ಬರಸಿದ್ರ ಮುಗೀತು.

ಸಿಎ, ಗದಗ: ಸರ್, ರಿಸ್ಕಿಗೆ ಜಿಗಿಯೋದಕ್ಕೆ ನಿಮ್ಮ ಮಾತು ಸರಿ. ಗೆದ್ದರೆ ಷೇರುದಾರರಿಗೆ, ಸೋತರೆ ಸಾಲ ಕೊಟ್ಟವರ ತಲೆಗೆ. ಅದನ್ನು ಷರತ್ತು ತಡೆಯುತ್ತದೆ. ಆದರೆ "ಇದನ್ನು ಮಾಡಬೇಡ" ಅಂತ ಬರೆಸಬಹುದು, "ಕೈಯಿಂದ ದುಡ್ಡು ಹಾಕು" ಅಂತ ಬರೆಸೋದು ಕಷ್ಟ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್ ಕಂಪನಿ ಒಂದಿದೆ ಅಂತಿಟ್ಟುಕೊಳ್ಳಿ. ವರ್ಷದ ಕೊನೆಗೆ ಡಿಬೆಂಚರ್‌ದಾರರಿಗೆ 10 ಕೋಟಿ ಕೊಡಬೇಕು. ಸುಗ್ಗಿ ಚೆನ್ನಾಗಿದ್ದರೆ ಕಂಪನಿಯ ಬೆಲೆ 14 ಕೋಟಿ, ಕೆಟ್ಟರೆ 5 ಕೋಟಿ. ಎರಡರ ಸಾಧ್ಯತೆಯೂ ಅರ್ಧರ್ಧ. ಬಡ್ಡಿ ಬಿಟ್ಟುಬಿಡೋಣ. ಷೇರುದಾರರಿಗೆ ಒಳ್ಳೆಯ ವರ್ಷ 4, ಕೆಟ್ಟ ವರ್ಷ ಸೊನ್ನೆ, ಸರಾಸರಿ 2 ಕೋಟಿ. ಡಿಬೆಂಚರ್‌ದಾರರಿಗೆ ಸರಾಸರಿ 7.5.

ಈಗ 2 ಕೋಟಿ ಹಾಕಿದರೆ ಯಾವ ವರ್ಷವಾದರೂ 2.6 ಕೋಟಿ ಕೊಡುವ ಹೊಸ ಚೇಂಬರ್ ಇದೆ. ಷೇರುದಾರರೇ ಹಾಕಿದರೆ ಒಳ್ಳೆಯ ವರ್ಷ ಅವರಿಗೆ 6.6. ಕೆಟ್ಟ ವರ್ಷ ಒಟ್ಟು 7.6, ಅಷ್ಟೂ ಡಿಬೆಂಚರ್‌ಗೇ ಹೋಗುತ್ತದೆ. ಷೇರುದಾರರ ಸರಾಸರಿ 3.3 ಆಯಿತು. 2 ಹಾಕಿ 1.3 ಹೆಚ್ಚಿಸಿಕೊಂಡರು, 0.7 ಕೈಬಿಟ್ಟಿತು. ಡಿಬೆಂಚರ್‌ದಾರರು ಒಂದು ಪೈಸೆ ಹಾಕದೆ 1.3 ಗಳಿಸಿದರು. ಹಾಗಾಗಿ ಚೇಂಬರ್ ಕಟ್ಟೋದೇ ಇಲ್ಲ. ಅರ್ಥಶಾಸ್ತ್ರಜ್ಞ ಸ್ಟೂವರ್ಟ್ ಮೈಯರ್ಸ್ 1977ರಲ್ಲಿ ತೋರಿಸಿದ್ದು ಇದನ್ನೇ. ರಿಸ್ಕಿನ ಕಡೆಯದು ಜೆನ್ಸೆನ್ ಮತ್ತು ಮೆಕ್ಲಿಂಗ್ ಅವರ 1976ರ ಲೇಖನದಲ್ಲಿ ಬರುತ್ತದೆ.

ಇನ್ನೊಂದು ನೋಡಿ. ಆ 2 ಕೋಟಿಯನ್ನು ಡಿಬೆಂಚರ್‌ಗಿಂತ ಮೊದಲು ತೀರಬೇಕಾದ ಸಾಲವಾಗಿ ತಂದರೆ? ಕೆಟ್ಟ ವರ್ಷ ಹೊಸ ಸಾಲಕ್ಕೆ 2, ಡಿಬೆಂಚರ್‌ಗೆ 5.6. ಒಳ್ಳೆಯ ವರ್ಷ ಷೇರುದಾರರಿಗೆ 4.6. ಇಬ್ಬರಿಗೂ ಸರಾಸರಿ 0.3 ಲಾಭ! ಸರ್ ಹೇಳಿದ "ಹೊಸ ಸಾಲ ತರಬಾರದು" ಷರತ್ತೇ ಇಲ್ಲಿ ಬಾಗಿಲು ಹಾಕುತ್ತದೆ.

ಎಣ್ಣೆ ಮಿಲ್ಲಿನವರು, ಹುಬ್ಬಳ್ಳಿ: ನಮ್ಮ ಅಣ್ಣಾರದು ಪ್ರೈವೇಟ್ ಲಿಮಿಟೆಡ್ ಐತ್ರಿ, ಬ್ಯಾಂಕ್ ಸಾಲಕ್ಕ ಮನಿ ಒತ್ತಿ ಇಟ್ಟು ಗ್ಯಾರಂಟಿ ಸಹಿನೂ ಹಾಕ್ಯಾರ. ಹೊಸ ಮಷೀನ್ ತರೂದು ಬ್ಯಾಡೇನ್ರಿ ಹಂಗಾರ?

ಸಿಎ, ಗದಗ: ನಿಮ್ಮದು ಬೇರೆ ಲೆಕ್ಕ ಅಣ್ಣಾರ. ಗ್ಯಾರಂಟಿ ಇದ್ದಲ್ಲಿ ಕೆಟ್ಟ ವರ್ಷದ "ಸೊನ್ನೆ" ಸೊನ್ನೆ ಆಗೋದಿಲ್ಲ, ಕೊರತೆ ಮನೆಯಿಂದಲೇ ಹೋಗುತ್ತದೆ. ಮನೆ ಆ ಕೊರತೆಯನ್ನು ಪೂರ್ತಿ ತುಂಬುವಷ್ಟಿದ್ದರೆ ಮಷೀನಿನ ಲಾಭವೂ ಪೂರ್ತಿ ನಿಮ್ಮದೇ.

ಬ್ಯಾಂಕ್ ನಿವೃತ್ತರು, ಹುಬ್ಬಳ್ಳಿ: ಲೆಕ್ಕ ಒಪ್ಪಿದೆ. ಆದ್ರ ಆ 2 ಕೋಟಿ ಚೇಂಬರಿಗೇ ಹೋಗ್ತದ, ಮೆಣಸಿನಕಾಯಿ ಸಟ್ಟಾಕ್ಕಲ್ಲ ಅಂತ ಡಿಬೆಂಚರ್‌ದಾರರು ಹೆಂಗ ನಂಬಬೇಕ್ರಿ? ನಾನಾದ್ರ ನನ್ನ ಮುಂದ ಬ್ಯಾರೆಯವರನ್ನ ನಿಲ್ಲಸಾಕ ಒಪ್ತಿದ್ದಿಲ್ಲ.

ಸಿಎ, ಗದಗ: ಬಿಲ್ಲು ನೋಡಿ ಹಣ ನೇರ ಗುತ್ತಿಗೆದಾರನ ಖಾತೆಗೇ ಬಿಡೋದೊಂದು ದಾರಿ. ಡಿಬೆಂಚರ್‌ದಾರರು ನೂರಾರು ಮಂದಿ ಇದ್ದರೆ ಅಷ್ಟು ಜನರನ್ನು ಒಪ್ಪಿಸೋದು ಹೇಗೆ ಅನ್ನೋದಕ್ಕೆ ನನ್ನ ಹತ್ತಿರ ಸಲೀಸಾದ ಉತ್ತರ ಇಲ್ಲ ಸರ್.