ಭರಣಿ ಒಡೆದು ತಲುಪಿದೆ, ರಿವರ್ಸ್ ಪಿಕಪ್ ಎರಡು ಸಲ ರದ್ದಾಗಿದೆ. ಬದಲಿ ಯಾವಾಗ ಕಳಿಸಲಿ?

ಮಣ್ಣಿನಮನೆ: ತುಮಕೂರಿನಿಂದ ಹುಬ್ಬಳ್ಳಿಗೆ 5 ಲೀಟರಿನ ಪಿಂಗಾಣಿ ಭರಣಿ ಕಳಿಸಿದ್ದೆ. ಕ್ಯಾಶ್ ಆನ್ ಡೆಲಿವರಿ, 1,150 ರೂಪಾಯಿ. ಮುಚ್ಚಳ ಎರಡು ಹೋಳಾಗಿದೆ. ಪಿಕಪ್ ಹುಡುಗ ಎರಡು ಸಲ ಬಂದು ‘ಪಾರ್ಸಲ್ ಸಿದ್ಧವಿಲ್ಲ’ ಅಂತ ಹಾಕಿ ಹೋಗಿದ್ದಾನೆ. ಬಾಕ್ಸ್ 40×30×30 ಸೆಂ.ಮೀ., ತೂಕ 4 ಕೆಜಿ.

ಅಂಗಡಿಬೀದಿ: ಹಳೆಯದು ಕೈಗೆ ಬರೋವರೆಗೂ ಹೊಸದು ಕಳಿಸಬೇಡಿ. ಇಲ್ಲದಿದ್ರೆ ಎರಡೂ ಅವರ ಹತ್ರಾನೇ ಉಳಿಯುತ್ತೆ.

ಪ್ಯಾಕಿಂಗ್ ಮೇಜು: ಮೊಬೈಲಿಗಾದರೆ ಆ ಮಾತು ಸರಿ. ಒಡೆದ ಪಿಂಗಾಣಿಯನ್ನು ಇಟ್ಟುಕೊಂಡು ಯಾರೂ ಲಾಭ ಮಾಡಲ್ಲ. ಮೊದಲು ಪಿಕಪ್ ಬೇಕೇ ಅಂತ ಲೆಕ್ಕ ಹಾಕಿ. ನಿಮ್ಮ ಬಾಕ್ಸಿನ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸಿದರೆ 7.2 ಬರುತ್ತೆ. ಹೆಚ್ಚಿನ ಕೊರಿಯರ್‌ಗಳ ಲೆಕ್ಕ ಇದೇ. 4 ಕೆಜಿ ಸಾಮಾನಿಗೆ 7.2 ಕೆಜಿಯ ದರ, ಅದೂ ಒಡಕು ಚೂರು ತರಿಸೋಕೆ.

ಭರಣಿ ಗಟ್ಟಿ ಇದ್ದರೆ ಮುಚ್ಚಳ ಮಾತ್ರ ಸಾಕು. ಗ್ರಾಹಕರಿಗೆ ಹೇಳಿ, ಭರಣಿಗೆ ನೀರು ತುಂಬಿ ಪೇಪರ್ ಮೇಲೆ ರಾತ್ರಿಯಿಡೀ ಇಡಲಿ. ಖಾಲಿ ಭರಣಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದಾಗ ಗಂಟೆಯ ನಾದ ಬರದೆ ಮಂಕು ಸದ್ದು ಬಂದರೆ ಎಲ್ಲೋ ಬಿರುಕಿದೆ. ಬಾಯಿಯ ಒಳ ಅಳತೆ ಮಿ.ಮೀ.ನಲ್ಲಿ ತರಿಸಿ, ಒಂದೇ ಅಚ್ಚಿನ ಭರಣಿಗಳೂ ಸುಟ್ಟಾಗ ಹೆಚ್ಚುಕಡಿಮೆ ಆಗುತ್ತವೆ.

ಬಣ್ಣದಂಗಡಿ: ನಮ್ಮ ಗ್ರಾಹಕರೂ ಸೀರೆ ಬಣ್ಣ ಬೇರೆ ಅಂತ ವಾಪಸ್ ಕೇಳ್ತಿದ್ದಾರೆ. ಇದೇ ಕ್ರಮವಾ?

ಪ್ಯಾಕಿಂಗ್ ಮೇಜು: ಅಲ್ಲ. ಆ ಸೀರೆ ಮತ್ತೆ ಮಾರಬಹುದು, ತರಿಸಲೇಬೇಕು. ಬೇರೆ ಚರ್ಚೆ ತೆರೆಯಿರಿ.

ಮಣ್ಣಿನಮನೆ: ಪೇಪರ್ ಒದ್ದೆಯಾಗಿದೆಯಂತೆ, ತಳದಲ್ಲಿ ಜಿನುಗು.

ಪ್ಯಾಕಿಂಗ್ ಮೇಜು: ಹಾಗಾದರೆ ಇಡೀ ಭರಣಿ ಬದಲಿಸಿ, ಇವತ್ತೇ ಕಳಿಸಿ. ಹಳೆಯ ಆರ್ಡರನ್ನೇ ಕಾಪಿ ಮಾಡಬೇಡಿ. ಕ್ಯಾಶ್ ಆನ್ ಡೆಲಿವರಿ ಹಾಗೇ ಉಳಿದು, ಡೆಲಿವರಿ ಹುಡುಗ ಮತ್ತೆ 1,150 ಕೇಳ್ತಾನೆ, ಗ್ರಾಹಕರು ಸಿಟ್ಟಾಗಿ ವಾಪಸ್ ಕಳಿಸ್ತಾರೆ. ಪ್ರೀಪೇಯ್ಡ್ ಮಾಡಿ, ಆರ್ಡರ್ ನಂಬರಿನ ಕೊನೆಗೆ `-R1` ಸೇರಿಸಿ.

ಕ್ಲೈಮ್ ಹಾಕೋದಾದರೆ ಹೊರಗಿನ ಬಾಕ್ಸಿನ ಆರೂ ಮುಖ, ಲೇಬಲ್, ಒಳಗಿನ ಮೆತ್ತೆ, ಒಡೆದ ಜಾಗ, ಇಷ್ಟರ ಫೋಟೋ ತರಿಸಿ. ಗಡುವು ಕಡಿಮೆ ಇರುತ್ತೆ, ಹಾಗಾಗಿ ಮೊದಲು ದೂರು ದಾಖಲಿಸಿ. ಕ್ಲೈಮ್ ಮುಗಿಯೋವರೆಗೆ ಚೂರು, ಬಾಕ್ಸ್ ಎಸೆಯದಂತೆ ಹೇಳಿ. ಕೊರಿಯರಿನವರು ವಸ್ತು ಬೇಕೇಬೇಕು ಅಂದರೆ ಮಾತ್ರ ಪಿಕಪ್ ಹಾಕಿ. ಆಗ ಗ್ರಾಹಕರು ಹಿಂದಿನ ದಿನವೇ ಚೂರುಗಳನ್ನು ಪೇಪರಲ್ಲಿ ಸುತ್ತಿ, ಬಾಕ್ಸಿಗೆ ಟೇಪ್ ಹಾಕಿ, ಹಳೆಯ ಲೇಬಲ್ ಕಿತ್ತು, ಹೊಸ ಟ್ರ್ಯಾಕಿಂಗ್ ನಂಬರ್ ಬರೆದಿಡಲಿ. ತೆರೆದ ಬಾಕ್ಸ್ ಕಂಡರೆ ಹುಡುಗ ಮುಟ್ಟಲ್ಲ. ನಿಮ್ಮ ಎರಡು ರದ್ದಿಗೂ ಬಹುಶಃ ಅದೇ ಕಾರಣ.

ಅಂಗಡಿಬೀದಿ: ಪಿಂಗಾಣಿಗೆ ಕ್ಲೈಮ್ ಕೊಡ್ತಾರಾ?

ಪ್ಯಾಕಿಂಗ್ ಮೇಜು: ಗಾಜು, ಪಿಂಗಾಣಿಯನ್ನು ಹೊರಗಿಟ್ಟ ಒಪ್ಪಂದಗಳೂ ಇವೆ. ನಿಮ್ಮದನ್ನು ಓದಿ ನೋಡಬೇಕು. ಮಣ್ಣಿನಮನೆಯವರೇ, ಮುಚ್ಚಳ ಭರಣಿ ಮೇಲೇ ಕೂರಿಸಿ ಕಳಿಸಿದ್ರಾ?

ಮಣ್ಣಿನಮನೆ: ಹೌದು, ಟೇಪ್ ಸುತ್ತಿ.

ಪ್ಯಾಕಿಂಗ್ ಮೇಜು: ಪಿಂಗಾಣಿಗೆ ಪಿಂಗಾಣಿ ಬಡಿದಿದೆ. ಈ ಸಲ ಮುಚ್ಚಳ ಬೇರೆಯೇ ಸುತ್ತಿ, ಭರಣಿಯ ತಳಕ್ಕೂ ಸುತ್ತಲೂ 5 ಸೆಂ.ಮೀ. ಮೆತ್ತೆ ಕೊಡಿ. ಮುಚ್ಚಿದ ಮೇಲೆ ಅಲ್ಲಾಡಿಸಿ, ಒಳಗೆ ಏನಾದರೂ ಜರುಗಿದರೆ ಮತ್ತೆ ಬಿಚ್ಚಿ ತುಂಬಿ.